ಮುಖದಲ್ಲಿ ಚಿತ್ರ, ಬೆನ್ನಿನಲ್ಲಿ ಲೆಕ್ಕ

ರೋಹಿಣಿ ಮಳೆ ಹದವಾಗಿ ಬಿದ್ದರೆ ಸಾಕು, ಹೋಬಳಿ ಊರಿನ ಗೊಬ್ಬರದ ಅಂಗಡಿ ಮುಂದೆ ಜನ ಮುಗಿಬೀಳುತ್ತಾರೆ. ಬೀಜದ ಪಾಕೀಟುಗಳು ಅಂಗಡಿಯವರ ಬೆನ್ನ ಹಿಂದೆ, ಐದಾರು ಅಡಿ ಆಚೆ ಇರುತ್ತವೆ. ಆ ನೂಕುನುಗ್ಗಲಿನಲ್ಲಿ ಒಂದೊಂದನ್ನೂ ಕೈಗೆ ತೆಗೆದುಕೊಂಡು ಓದುವುದಕ್ಕೆ ಆಗುವುದಿಲ್ಲ. ಹೈಬ್ರಿಡ್ ತಳಿಗಳ ಹೆಸರಾದರೂ ನೆನಪಿಟ್ಟುಕೊಳ್ಳೋಣವೆಂದರೆ ಎಷ್ಟೋ ಹೆಸರುಗಳು ಎರಡು ಇಂಗ್ಲಿಷ್ ಅಕ್ಷರ, ಮೂರ್ನಾಲ್ಕು ಅಂಕಿ ಅಷ್ಟೇ. ಹಾಗಾಗಿ ಕೇಳುವವರು ಕೇಳುವುದೇ ಹೀಗೆ: “ಹೋದ ವರ್ಷ ಕೊಟ್ಟಿದ್ರಲ್ಲಣ್ಣ, ಹಳದಿ ಪಾಕೀಟು, ಮೇಲೆ ಎರಡು ತೆನೆ ಇರೋದು, ಅದೇ ಕೊಡಿ.”

ಪಾಕೀಟಿನ ವಿನ್ಯಾಸ ಮಾಡುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಈ ಮಾತನ್ನೇ. ಐದಾರು ಅಡಿಯಿಂದ ಕಾಣಬೇಕಾದದ್ದು ಮೂರೇ ಸಂಗತಿ: ಯಾವ ಬೆಳೆ, ಯಾವ ತಳಿ, ಯಾವ ಬಣ್ಣದ ಪಾಕೀಟು. ಕಂಪನಿಯ ಲಾಂಛನ, ‘ಅಧಿಕ ಇಳುವರಿ’ ಎಂಬ ಸಿಡಿಮದ್ದಿನಾಕಾರದ ಬರಹ, ನಗುವ ರೈತ ದಂಪತಿ, ಇವೆಲ್ಲ ಆ ಮೂರಕ್ಕೆ ಅಡ್ಡ ಬರುವಂಥವೇ.

ಬದನೆಯನ್ನೇ ತೆಗೆದುಕೊಳ್ಳೋಣ. ಬರೀ ‘ಬದನೆ’ ಎಂದರೆ ನಮ್ಮ ನಾಡಿನಲ್ಲಿ ಏನೂ ಹೇಳಿದಂತಾಗುವುದಿಲ್ಲ. ಉಡುಪಿಯವರಿಗೆ ಬೇಕಾದದ್ದು ದುಂಡನೆಯ ತಿಳಿಹಸಿರು ಮಟ್ಟುಗುಳ್ಳ. ಅದಕ್ಕೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಮೈಸೂರು ಸೀಮೆಯಲ್ಲಿ ಉದ್ದನೆಯ ಹಸಿರು ಕಾಯಿಗೆ ಗಿರಾಕಿ. ಉತ್ತರ ಕರ್ನಾಟಕದಲ್ಲಿ ಎಣ್ಣೆಗಾಯಿಗೆ ಹೊಂದುವ ಪುಟ್ಟ ಮುಳಗಾಯಿಯೇ ಆಗಬೇಕು, ತೊಟ್ಟಿನಲ್ಲಿ ಮುಳ್ಳಿರಬೇಕು. ಒಂದು ಊರಿನ ಸಂತೆಯಲ್ಲಿ ಕೈಬಿಸಿಯಾಗಿ ಹೋಗುವ ಕಾಯಿಯನ್ನು ಇನ್ನೊಂದು ಊರಿನ ಸಂತೆಯಲ್ಲಿ ಮೂಸಿಯೂ ನೋಡುವುದಿಲ್ಲ. ಆದ್ದರಿಂದ 10 ಗ್ರಾಂ ಬದನೆ ಬೀಜದ ಪಾಕೀಟಿನ ಮೇಲಿನ ಚಿತ್ರ ಅಲಂಕಾರಕ್ಕೆ ಹಾಕಿದ್ದಲ್ಲ. ಇಂಥ ಕಾಯಿ ಬಿಡುತ್ತದೆ ಎಂದು ಕೊಡುವ ಮಾತು ಅದು.

ಆ ಚಿತ್ರ ಹೇಗಿರಬೇಕು? ತೊಟ್ಟು ಪೂರ್ತಿ ಕಾಣಬೇಕು, ಏಕೆಂದರೆ ಮುಳ್ಳಿದೆಯೋ ಇಲ್ಲವೋ ಎನ್ನುವುದು ಅಲ್ಲೇ ತಿಳಿಯುವುದು. ಕಾಯಿಯ ಗಾತ್ರ ಗೊತ್ತಾಗಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಐವತ್ತು ಗ್ರಾಂ ಕಾಯಿಯೂ ಕಾಲು ಕಿಲೋ ತೂಗುವಂತೆ ಕಾಣುತ್ತದೆ. ಪಕ್ಕದಲ್ಲಿ ಒಂದು ಕೈ ಇದ್ದರೆ ಆ ಗೊಂದಲವಿಲ್ಲ. ಗಿಡದ ಮೇಲೆ ಕಾಯಿ ಗೊಂಚಲಾಗಿ ಬಿಡುತ್ತದೋ ಒಂಟಿಯಾಗಿಯೋ ಎಂಬುದನ್ನು ಮೂಲೆಯಲ್ಲಿ ಇನ್ನೊಂದು ಸಣ್ಣ ಚಿತ್ರ ತೋರಿಸಬಹುದು. ಹಸಿರು ಕಾಯಿಯನ್ನು ಹಸಿರೆಲೆಗಳ ಮುಂದಿಟ್ಟರೆ ದೂರಕ್ಕೆ ಕಾಯಿಯೇ ಕಾಣುವುದಿಲ್ಲ. ಹಿಂದೆ ಹಳದಿಯೋ ಬಿಳಿಯೋ ಒಂದೇ ಬಣ್ಣವಿದ್ದರೆ ಎದ್ದು ಕಾಣುತ್ತದೆ. ನೇರಳೆ ಕಾಯಿಯ ಕಷ್ಟವೇ ಬೇರೆ. ಅಚ್ಚಿನಲ್ಲಿ ನೇರಳೆ ಬರುವುದು ನೀಲಿ ಮತ್ತು ಗುಲಾಬಿಗೆಂಪು ಶಾಯಿಗಳ ಬೆರಕೆಯಿಂದ. ಗುಲಾಬಿಗೆಂಪು ತುಸು ಕಡಿಮೆ ಬಿದ್ದರೂ ಬದನೆ ನೀಲಿ ತಿರುಗುತ್ತದೆ. ಅಂಥ ಬದನೆಯನ್ನು ಯಾವ ಹೊಲದಲ್ಲೂ ಕಂಡವರಿಲ್ಲ.

ಹೀಗಿದ್ದೂ ಎಷ್ಟೋ ಪಾಕೀಟುಗಳ ಮೇಲೆ ಟೊಮೆಟೊ, ಬೆಂಡೆ, ಮೆಣಸಿನಕಾಯಿ, ಬದನೆ ಎಲ್ಲ ಒಟ್ಟಿಗೇ ಇರುತ್ತವಲ್ಲ, ಯಾಕೆ? ಕಾರಣ ಅಚ್ಚಿನ ಖರ್ಚು. ತೇವ ತಗಲದಂತೆ ಪದರ ಪದರವಾಗಿ ಅಂಟಿಸಿದ ಹಾಳೆಯಿಂದ ಪಾಕೀಟು ಮಾಡುತ್ತಾರೆ. ಆ ಹಾಳೆಗೆ ಹೆಚ್ಚಾಗಿ ಗ್ರೇವ್ಯೂರ್ ಪದ್ಧತಿಯಲ್ಲಿ ಅಚ್ಚು ಹಾಕುತ್ತಾರೆ, ಒಂದೊಂದು ಬಣ್ಣಕ್ಕೂ ಒಂದೊಂದು ಕೊರೆದ ಸಿಲಿಂಡರ್ ಬೇಕು. ಕೆಲವೇ ಸಾವಿರ ಪಾಕೀಟು ಮಾರುವ ಸಣ್ಣ ಕಂಪನಿಗೆ ತಳಿಗೊಂದು ಸಿಲಿಂಡರ್ ಜೊತೆ ಮಾಡಿಸುವುದು ಗಿಟ್ಟುವುದಿಲ್ಲ. ಹಾಗಾಗಿ ಎಲ್ಲಕ್ಕೂ ಒಂದೇ ಪಾಕೀಟು ಮಾಡಿಸಿ, ಒಳಗಿರುವ ಬೀಜ ಯಾವುದೆಂದು ಚೀಟಿ ಅಂಟಿಸುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಅಲ್ಲಿ ಚಿತ್ರಕ್ಕೆ ಬೆಲೆಯಿಲ್ಲ, ಚೀಟಿಗಷ್ಟೇ ಬೆಲೆ.

ಚಿತ್ರ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಬಿಸಿಲಿಗೆ ಮೊದಲು ಮಾಸುವುದು ಸಾಮಾನ್ಯವಾಗಿ ಹಳದಿ ಮತ್ತು ಗುಲಾಬಿಗೆಂಪು ಶಾಯಿ. ನೀಲಿ, ಕಪ್ಪು ತಡೆದುಕೊಳ್ಳುತ್ತವೆ. ಪಾಕೀಟಿನ ಟೊಮೆಟೊ ಬಿಳಿಚಿಕೊಂಡಿದ್ದರೆ, ಎಲೆ ನೀಲಿಗೆ ತಿರುಗಿದ್ದರೆ ಅದು ಬಹುಕಾಲ ಬಿಸಿಲಿಗೆ ಒಡ್ಡಿಕೊಂಡು ನೇತಾಡಿದೆ ಎಂದರ್ಥ. ಬೀಜಕ್ಕೆ ಆಗದ ಸಂಗತಿಗಳಲ್ಲಿ ಬಿಸಿ, ತೇವ ಮೊದಲಿನವು. ಅಂಥ ಪಾಕೀಟು ಬೇಡವೆನ್ನಿ.

ಇನ್ನು ಬೆನ್ನಿಗೆ ಬರೋಣ. 1966ರ ಬೀಜ ಕಾಯ್ದೆ ಮತ್ತು 1968ರ ನಿಯಮಗಳ ಪ್ರಕಾರ ಬೆಳೆ, ತಳಿ, ಲಾಟ್ ನಂಬರ್, ಮೊಳಕೆ ಪ್ರಮಾಣ, ಶುದ್ಧತೆ, ತೂಕ, ಪರೀಕ್ಷೆಯ ದಿನ ಇಂಥವೆಲ್ಲ ಅಲ್ಲಿರಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಕಂಪನಿ ತಾನೇ ಹೊಣೆ ಹೊತ್ತು ಮಾರುವ ಬೀಜಕ್ಕೆ ಹಸಿರು. ಖಾಸಗಿ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಬದನೆಗೆ ಮೊಳಕೆ ಕನಿಷ್ಠ ಶೇ. 70 ಇರಬೇಕು. ಅಂದರೆ ಸಸಿಮಡಿಯಲ್ಲಿ ನೂರಕ್ಕೆ ಮೂವತ್ತು ಬೀಜ ಹುಟ್ಟದಿದ್ದರೂ ಅದು ಕಾನೂನಿನ ಒಳಗೇ ಇದೆ. ಇದು ಗೊತ್ತಿರುವವರು ಬೀಜವನ್ನು ಆ ಲೆಕ್ಕದಲ್ಲೇ ಕೊಳ್ಳುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿಯೇ. ಮುಂಭಾಗಕ್ಕೆ ಅಷ್ಟೆಲ್ಲ ಬಣ್ಣ ಸುರಿದವರು ಈ ಭಾಗಕ್ಕೆ ಇರುವೆ ಗಾತ್ರದ ಅಕ್ಷರ ಕೊಡುತ್ತಾರೆ, ಅದೂ ಬಹಳ ಸಲ ಇಂಗ್ಲಿಷಿನಲ್ಲಿ. ಲಾಟ್ ನಂಬರ್, ದಿನಾಂಕಗಳನ್ನು ಬೀಜ ತುಂಬುವಾಗ ಹೊಡೆಯುತ್ತಾರೆ. ನುಣುಪಾದ ಹಾಳೆಯ ಮೇಲೆ ಆ ಶಾಯಿ ಹಿಡಿಯದಿದ್ದರೆ ಹೆಬ್ಬೆರಳಲ್ಲಿ ಉಜ್ಜಿದರೆ ಅಳಿಸಿಹೋಗುತ್ತದೆ. ಹೊಳಪಿಲ್ಲದ ಒಂದು ಬಿಳಿ ಚೌಕವನ್ನು ಅದಕ್ಕೆಂದೇ ಬಿಟ್ಟಿದ್ದರೆ ತೀರಿತು. ಅಂಥ ಚೌಕವಿರುವ ಪಾಕೀಟು ಕಂಡರೆ, ಅದನ್ನು ಮಾಡಿದವರು ಅಂಗಡಿ ನೋಡಿದವರು ಎಂದುಕೊಳ್ಳುತ್ತೇನೆ.

ಗೊಬ್ಬರದ ಚೀಲದ ಕಥೆಯೇ ಬೇರೆ. ಅದು ಪ್ಲಾಸ್ಟಿಕ್ ಪಟ್ಟಿಗಳಿಂದ ನೇಯ್ದ ಚೀಲ. ನೇಯ್ಗೆಯ ಏರುತಗ್ಗಿನ ಮೇಲೆ ನೇರವಾಗಿ ಅಚ್ಚು ಹಾಕಿದರೆ ಸಣ್ಣ ಗೆರೆ ಒಡೆಯುತ್ತದೆ, ಫೋಟೊ ಮಸುಕಾಗುತ್ತದೆ. ಅಲ್ಲಿ ನಿಲ್ಲುವುದು ದಪ್ಪ ಅಕ್ಷರ ಮತ್ತು ಎರಡು ಮೂರು ಗಟ್ಟಿ ಬಣ್ಣ. ಗೋದಾಮಿನಲ್ಲಿ ಅಟ್ಟಿ ಹಾಕಿದಾಗ ಹೊರಗೆ ಕಾಣುವುದು ಚೀಲದ ಅಂಚು ಮಾತ್ರ, ಆದ್ದರಿಂದ ಹೆಸರು ಅಂಚಿನಲ್ಲೂ ಇದ್ದರೆ ಹಮಾಲರು ತಪ್ಪು ಚೀಲ ಎಳೆಯುವುದಿಲ್ಲ.

2022ರ ಅಕ್ಟೋಬರ್‌ನಿಂದ ಸಬ್ಸಿಡಿ ಗೊಬ್ಬರದ ಚೀಲಗಳೆಲ್ಲ ಕೇಂದ್ರ ಸರ್ಕಾರದ ಆದೇಶದಂತೆ ಒಂದೇ ಅಚ್ಚಿನವು. ಮುಖದ ಮೂರನೇ ಎರಡು ಭಾಗ ‘ಭಾರತ್’ ಹೆಸರು ಮತ್ತು ಯೋಜನೆಯ ಲಾಂಛನಕ್ಕೆ. ಕಂಪನಿಯ ಹೆಸರು, ವಿವರಕ್ಕೆ ಉಳಿದ ಒಂದು ಭಾಗ. ಕಂಪನಿಗೊಂದು ಬಣ್ಣ, ಚಿತ್ರ ನೋಡಿ ಗುರುತು ಹಿಡಿಯುತ್ತಿದ್ದವರಿಗೆ ಆ ದಾರಿ ಮುಚ್ಚಿತು. ಇನ್ನು ನೋಡಬೇಕಾದದ್ದು ಅಂಕಿಗಳನ್ನೇ. ಡಿಎಪಿ ಚೀಲದ ಮೇಲಿನ 18-46-0 ಎಂದರೆ ನೂರು ಕಿಲೋಗೆ 18 ಕಿಲೋ ಸಾರಜನಕ, 46 ಕಿಲೋ ರಂಜಕ, ಪೊಟ್ಯಾಷ್ ಸೊನ್ನೆ. 50 ಕಿಲೋ ಚೀಲದಲ್ಲಿ ಇದರ ಅರ್ಧ: 9 ಮತ್ತು 23. ಯೂರಿಯಾ ಚೀಲ 45 ಕಿಲೋದ್ದು, ಅದರಲ್ಲಿ ಶೇ. 46ರಂತೆ ಸುಮಾರು 20.7 ಕಿಲೋ ಸಾರಜನಕ, ಬೇರೇನೂ ಇಲ್ಲ. ಚೀಲದ ಮೇಲೆ ಎಷ್ಟೇ ಹುಲುಸಾದ ಪೈರಿನ ಚಿತ್ರವಿರಲಿ, ಈ ಮೂರು ಅಂಕಿ ಎಲ್ಲಿವೆ ಎಂದು ಮೊದಲು ಹುಡುಕಿ. ಸಿಗದಿದ್ದರೆ ಕೇಳಿ. ಜೊತೆಗೆ ಬಾಯಿಯ ಹೊಲಿಗೆ ನೋಡಿ: ಕಾರ್ಖಾನೆಯ ಹೊಲಿಗೆ ಒಂದೇ ಸಮನಾಗಿರುತ್ತದೆ, ಬಿಚ್ಚಿ ಮತ್ತೆ ಹೊಲಿದಲ್ಲಿ ಹಳೆಯ ತೂತುಗಳು ಖಾಲಿ ಉಳಿದಿರುತ್ತವೆ.

ಬೀಜದ ಪಾಕೀಟನ್ನು ಕತ್ತರಿಸುವಾಗ ಚೀಟಿ ಇಲ್ಲದ ಬದಿಯಿಂದ ಕತ್ತರಿಸಿ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಸಿಕೊಂಡು, ಖಾಲಿ ಪಾಕೀಟಿನ ಜೊತೆ ಕೊಯ್ಲು ಮುಗಿಯುವವರೆಗೂ ಜೋಪಾನವಾಗಿಡಿ. ಬೆಳೆ ಕೈಕೊಟ್ಟಾಗ ಕೃಷಿ ಇಲಾಖೆಯವರು ಮೊದಲು ಕೇಳುವುದು ಅವೆರಡನ್ನೇ.