ಮೇಲಿನ ಕಾರು, ಕೆಳಗಿನ ಕಾರು

ಅಡಿಕೆ ತೋಟದ ನಡುವಿನ ದಾರಿಯಲ್ಲಿ ದಿಬ್ಬಣದ ಬಿಳಿ ಕಾರು ಬರುತ್ತಿದೆ. ಇದು ಡ್ರೋನ್ ತೆಗೆದ ದೃಶ್ಯ. ಮುಂದಿನ ಶಾಟ್‌ನಲ್ಲಿ ಅದೇ ಕಾರು ಚಪ್ಪರದ ಎದುರು ಬಂದು ನಿಲ್ಲುತ್ತದೆ. ಇದು ನೆಲದ ಕ್ಯಾಮೆರಾದ್ದು. ಎರಡೂ ಚೆಂದವೇ. ಆದರೂ ಜೋಡಿಸಿದರೆ ಬೇರೆ ಬೇರೆ ದಿನ ತೆಗೆದಂತೆ ಕಾಣುತ್ತವೆ. ಈ ಬಿರುಕನ್ನು ಎಡಿಟಿಂಗ್‌ನಲ್ಲಿ ಮುಚ್ಚುವುದಕ್ಕಿಂತ ಚಿತ್ರೀಕರಣದಲ್ಲೇ ತಪ್ಪಿಸುವುದು ಸುಲಭ.

ಮೊದಲು ಶಟರ್. ಎರಡೂ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್‌ನಲ್ಲಿದ್ದರೆ ಶಟರ್ 1/50 ಸೆಕೆಂಡ್ ಇರಬೇಕು. ಆಗ ಚಲನೆಯಲ್ಲಿ ಸಹಜವಾದ ಮಸುಕು ಬರುತ್ತದೆ. ಸಣ್ಣ ಡ್ರೋನ್‌ಗಳಲ್ಲಿ ಅಪರ್ಚರ್ ಬದಲಿಸಲಾಗದು. ಹೀಗಾಗಿ ಬಿಸಿಲಲ್ಲಿ ಶಟರ್ ತಾನಾಗಿ 1/800ಕ್ಕೆ ಏರಿ, ಕಾರು ಕುಪ್ಪಳಿಸಿದಂತೆ ಕಾಣುತ್ತದೆ. ಎನ್‌ಡಿ 16 ಫಿಲ್ಟರ್ ಹಾಕಿದರೆ ಒಳಬರುವ ಬೆಳಕು ಹದಿನಾರನೇ ಒಂದಕ್ಕೆ ಇಳಿದು ಶಟರ್ 1/50ಕ್ಕೆ ಬರುತ್ತದೆ.

ಇನ್ನೊಂದು ತೊಂದರೆ ರೋಲಿಂಗ್ ಶಟರ್. ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಕೊನೆಯ ಸಾಲು ಮುಗಿಯುವಷ್ಟರಲ್ಲಿ ಡ್ರೋನ್ ತಿರುಗಿದ್ದರೆ ನೇರ ನಿಂತ ಅಡಿಕೆ ಮರಗಳು ವಾಲುತ್ತವೆ. ರೆಕ್ಕೆ ಅದುರಿದರೆ ಇಡೀ ಚಿತ್ರ ಜೆಲ್ಲಿಯಂತೆ ಅಲುಗುತ್ತದೆ. 1/50 ಶಟರ್‌ನ ಮಸುಕು ಈ ಅಲುಗಾಟವನ್ನು ಕೊಂಚ ಮರೆಮಾಡೀತು, ಮರದ ವಾಲುವಿಕೆಯನ್ನಲ್ಲ. ಅದಕ್ಕೆ ಡ್ರೋನನ್ನು ನಿಧಾನವಾಗಿ ತಿರುಗಿಸುವುದೇ ಮದ್ದು: ಒಂದು ಮರ ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಏಳು ಸೆಕೆಂಡಾದರೂ ಹಿಡಿಯಲಿ. ಹಾರಿಸುವ ಮೊದಲು ರೆಕ್ಕೆಗಳ ಅಂಚಿಗೆ ಬೆರಳಾಡಿಸಿ ನೋಡಿ. ಚೂರು ಕಿತ್ತಿದ್ದರೂ ಬದಲಿಸಿ. ಎಡಿಟಿಂಗ್‌ನ ಸ್ಟೆಬಿಲೈಜರ್ ಜೆಲ್ಲಿ ಅಲುಗಾಟವನ್ನು ಕೆಲವೊಮ್ಮೆ ಹೆಚ್ಚಿಸುತ್ತದೆ.

ಬಣ್ಣಕ್ಕೆ ಆ ಬಿಳಿ ಕಾರೇ ಅಳತೆಗೋಲು. ಎರಡೂ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 5500 ಕೆಲ್ವಿನ್‌ಗೆ ನಿಲ್ಲಿಸಿ. ಇಲ್ಲದಿದ್ದರೆ ಡ್ರೋನ್ ಆಕಾಶದತ್ತ ತಿರುಗಿದಾಗ ಬಣ್ಣ ನಡುವೆಯೇ ಬದಲಾದೀತು. ಲಾಗ್‌ನಲ್ಲಿ ತೆಗೆದಿದ್ದರೆ ಎರಡನ್ನೂ ಮೊದಲು ರೆಕ್ 709ಕ್ಕೆ ತನ್ನಿ. ಆಮೇಲೆ ಕಾರಿನ ಬಿಳುಪು ಎರಡರಲ್ಲೂ ಒಂದೇ ಆಗುವಂತೆ ಬೆಳಕು, ಬಣ್ಣ ಹೊಂದಿಸಿ. ಮೇಲಿನ ಚಿತ್ರದಲ್ಲಿ ಗಾಳಿಯ ಮಂಜು ನೀಲಿ ಛಾಯೆ ತರುತ್ತದೆ, ಕಪ್ಪನ್ನು ಬೂದುಗಟ್ಟಿಸುತ್ತದೆ. ಅದರಲ್ಲಿ ಕಪ್ಪನ್ನು ಇಳಿಸಿ, ಚೂರು ಬೆಚ್ಚಗಿನ ಬಣ್ಣ ಸೇರಿಸಬೇಕು.

ಕೊನೆಗೆ ವೇಗ. ಎತ್ತರದಿಂದ ಕಾರು ತೆವಳುತ್ತದೆ, ದಾರಿಬದಿಯಿಂದ ಸರ್ರನೆ ದಾಟುತ್ತದೆ. ನೋಡುಗನಿಗೆ ಲೆಕ್ಕ ಗಂಟೆಗೆಷ್ಟು ಕಿಲೋಮೀಟರ್ ಎಂಬುದಲ್ಲ, ಪರದೆಯನ್ನು ಎಷ್ಟು ಹೊತ್ತಿನಲ್ಲಿ ದಾಟಿತು ಎಂಬುದು. ಆದ್ದರಿಂದ ಡ್ರೋನನ್ನು ಕೆಳಗಿಳಿಸಿ ಹಾರಿಸಿ. ನೆಲದ ಶಾಟನ್ನು 50 ಫ್ರೇಮ್‌ನಲ್ಲಿ, 1/100 ಶಟರ್‌ನಲ್ಲಿ ತೆಗೆದರೆ ಬೇಕೆಂದಾಗ ಅರ್ಧ ವೇಗಕ್ಕೆ ಇಳಿಸಬಹುದು. ಮೇಲಿನಿಂದ ಕಾರು ಎಡದಿಂದ ಬಲಕ್ಕೆ ಹೋಗುತ್ತಿದ್ದರೆ ಕೆಳಗೂ ಹಾಗೇ ಹೋಗಲಿ. ಡ್ರೋನ್ ನಿಂತ ಮೇಲಲ್ಲ, ಚಲಿಸುತ್ತಿರುವಾಗಲೇ ಕತ್ತರಿಸಿ.

ಫಿಲ್ಟರ್ ಕೊಳ್ಳಲು ಹಣವಿಲ್ಲದಿದ್ದರೆ ಡ್ರೋನ್ ಶಾಟನ್ನು ಬೆಳಗ್ಗೆ ಅಥವಾ ಸಂಜೆಯ ಮಂದ ಬೆಳಕಿಗೆ ಇಟ್ಟುಕೊಳ್ಳಿ. ನೆಲದ ಶಾಟನ್ನೂ ಅದೇ ಹೊತ್ತಿಗೆ ತೆಗೆಯಿರಿ. ನೆರಳಿನ ದಿಕ್ಕು ಬದಲಾದರೆ ಯಾವ ಸಾಫ್ಟ್‌ವೇರ್‌ನ ಬಣ್ಣವೂ ಅದನ್ನು ಸರಿಪಡಿಸದು.