ನಿದ್ದಿ ಹತ್ತವಲ್ದು ಅಂದ್ರ ಯಾರ ಹತ್ರ ಹೋಗಬೇಕು? ಅಣ್ಣಿಗೇರಿಯಿಂದ ಧಾರವಾಡದವರೆಗೆ ಮನಸ್ಸಿನ ಚಿಕಿತ್ಸೆಯ ನಾಲ್ಕು ಮೆಟ್ಟಿಲು

ಅಣ್ಣಿಗೇರಿ: "ರಾತ್ರಿ ನಿದ್ದಿ ಹತ್ತವಲ್ದುರಿ, ಎದ್ಯಾಗ ಧಡ್ ಧಡ್ ಅಂತದ, ಮೈಯಾಗ ಶಕ್ತಿನ ಇಲ್ಲ." ತಾಲೂಕಿನ ಯಾವ ದವಾಖಾನೆಯಲ್ಲಿ ಕುಂತರೂ ಈ ಮಾತು ಕೇಳಿಸುತ್ತದೆ. ಬಹಳ ಮಂದಿ ಒಂದು ಶಕ್ತಿ ಇಂಜೆಕ್ಷನ್, ನಾಲ್ಕು ನಿದ್ದೆ ಗುಳಿಗೆ ತಗೊಂಡು ಮನೆಗೆ ಹೋಗುತ್ತಾರೆ. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾರೆ. ಇನ್ನು ಕೆಲವರು "ಹುಚ್ಚರ ದವಾಖಾನಿಗೆ ಹೋಗು ಅಂತಾರ" ಎಂದು ಅಂಜಿ ಯಾರಿಗೂ ಹೇಳುವುದೇ ಇಲ್ಲ.

ಇವರಲ್ಲಿ ಹಲವರಿಗೆ ಇರುವುದು ಖಿನ್ನತೆ ಅಥವಾ ಆತಂಕ. ವೈದ್ಯರು ಇವನ್ನು ಸಾಮಾನ್ಯ ಮಾನಸಿಕ ಸಮಸ್ಯೆಗಳು ಎನ್ನುತ್ತಾರೆ. ಇವಕ್ಕೆಲ್ಲ ಮೊದಲ ದಿನವೇ ಧಾರವಾಡಕ್ಕೆ ಓಡಬೇಕಿಲ್ಲ. ಹಾಗಂತ ಊರಲ್ಲೇ ವರ್ಷಗಟ್ಟಲೆ ಗುಳಿಗೆ ನುಂಗುತ್ತ ಕೂಡುವುದೂ ಸರಿಯಲ್ಲ. ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ, ಆರಾಮ ಆಗದಿದ್ದರೆ ಮೇಲಿನ ಮೆಟ್ಟಿಲಿಗೆ ಕಳಿಸುವ ಪದ್ಧತಿಯೊಂದಿದೆ. ಯಾವಾಗ ಮೇಲೆ ಕಳಿಸಬೇಕು ಅನ್ನುವುದಕ್ಕೆ ಅದರಲ್ಲಿ ಲೆಕ್ಕವೂ ಇದೆ.

ಮೊದಲ ಮೆಟ್ಟಿಲು: ಮನೆ ಬಾಗಿಲಿಗೆ ಬರುವ ಎರಡು ಪ್ರಶ್ನೆ

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಬಂದು ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ಕೇಳಿ ಒಂದು ಫಾರ್ಮ್ ತುಂಬುತ್ತಾರೆ. ಅದರ ಕೊನೆಯ ಭಾಗದಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಇರುತ್ತವೆ. ಹೋದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆ ಆಗಿತ್ತೇ? ಮನಸ್ಸು ಕುಗ್ಗಿತ್ತೇ, ಬೇಸರ ಇತ್ತೇ? ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2, ಹೆಚ್ಚುಕಡಿಮೆ ದಿನಾಲೂ ಅಂದರೆ 3 ಅಂಕ. ಎರಡೂ ಸೇರಿ 6ಕ್ಕೆ ಲೆಕ್ಕ. ಮೊತ್ತ 3 ದಾಟಿದರೆ ಮುಂದಿನ ಮೆಟ್ಟಿಲಿಗೆ ಕಳಿಸಬೇಕು ಎಂದು ಫಾರ್ಮಿನಲ್ಲಿಯೇ ಇದೆ.

ಈ ಮೆಟ್ಟಿಲು ಸೋಲುವುದು ಒಂದು ಕಾರಣಕ್ಕೆ. ಅತ್ತೆ, ಗಂಡ, ನೆರೆಮನೆಯವರು ಸುತ್ತ ನಿಂತಾಗ ಕೇಳಿದರೆ ಯಾರೂ "ಹೌದು" ಅನ್ನುವುದಿಲ್ಲ. ಎಲ್ಲಾ ಸೊನ್ನೆ ಬೀಳುತ್ತದೆ. ಹಾಗಾಗಿ ಕಷ್ಟ ಇರುವವರು "ಅಕ್ಕಾರ, ಸ್ವಲ್ಪ ಒಳಗ ಬರ್ರಿ" ಎಂದು ಕರೆದು ಒಬ್ಬರೇ ಉತ್ತರ ಕೊಡುವುದು ಒಳ್ಳೆಯದು.

ಎರಡನೇ ಮೆಟ್ಟಿಲು: ಉಪಕೇಂದ್ರ, ಒಂಬತ್ತು ಪ್ರಶ್ನೆ

ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿ ಇರುವವರು ಸಮುದಾಯ ಆರೋಗ್ಯ ಅಧಿಕಾರಿ, ಜನರ ಬಾಯಲ್ಲಿ ಸಿಎಚ್‌ಒ. ಖಿನ್ನತೆ ಅಳೆಯಲು ಬಳಕೆಯಲ್ಲಿರುವುದು ಒಂಬತ್ತು ಪ್ರಶ್ನೆಗಳ ಪಟ್ಟಿ, ಹೆಸರು ಪಿಎಚ್‌ಕ್ಯೂ-9. ಮೊದಲಿನ ಎರಡು ಪ್ರಶ್ನೆಗಳ ಜೊತೆ ನಿದ್ದೆ, ದಣಿವು, ಹಸಿವು, "ನನ್ನಿಂದ ಏನೂ ಆಗಲಿಲ್ಲ" ಅನ್ನುವ ಭಾವನೆ, ಗಮನ, ನಡೆ-ನುಡಿ ನಿಧಾನ ಆಗುವುದು ಅಥವಾ ಚಡಪಡಿಕೆ, ಕೊನೆಗೆ ಸಾಯುವ ಯೋಚನೆ. ಒಂದಕ್ಕೆ 3ರಂತೆ ಒಟ್ಟು 27.

ಮೊತ್ತ 5ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕಿಲ್ಲ. 5ರಿಂದ 9 ಇದ್ದರೆ ಸೌಮ್ಯ. ಇವರಿಗೆ ಸಾಮಾನ್ಯವಾಗಿ ಗುಳಿಗೆಯಿಂದ ಶುರು ಮಾಡುವುದಿಲ್ಲ. ಇದು ಸೋಮಾರಿತನ ಅಲ್ಲ, ದೇವರ ಕಾಟ ಅಲ್ಲ, ಒಂದು ಕಾಯಿಲೆ ಎಂದು ತಿಳಿಸಿ ಹೇಳುವುದೇ ಮೊದಲ ಔಷಧ. ಆಮೇಲೆ ಮಲಗುವ-ಏಳುವ ವೇಳೆ ಕಟ್ಟು ಮಾಡುವುದು, ಕುಡಿತ ನಿಲ್ಲಿಸುವುದು. ಬಿಟ್ಟುಹೋದ ಕೆಲಸಗಳಲ್ಲಿ ದಿನಕ್ಕೆ ಒಂದನ್ನು ಮನಸ್ಸಿಲ್ಲದಿದ್ದರೂ ಮತ್ತೆ ಹಿಡಿಯುವುದು. ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಒಂಬತ್ತು ಪ್ರಶ್ನೆ ಮತ್ತೆ ಕೇಳಬೇಕು.

ಮೊದಲ ಸಲವೇ 10 ಅಥವಾ ಮೇಲೆ ಬಂದರೆ, ಇಲ್ಲವೇ ಸೌಮ್ಯ ಇದ್ದವರದು ಎರಡನೇ ಸಲ ಇಳಿಯದಿದ್ದರೆ, ವೈದ್ಯಾಧಿಕಾರಿಯ ಹತ್ತಿರ ಕಳಿಸಬೇಕು. ಆತಂಕಕ್ಕೆ ಬೇರೆ ಏಳು ಪ್ರಶ್ನೆಗಳಿವೆ, ಒಟ್ಟು 21. ಅಲ್ಲಿಯೂ 10 ಎಂಬುದೇ ಗೆರೆ.

ಮೂರನೇ ಮೆಟ್ಟಿಲು: ಸರಕಾರಿ ಆಸ್ಪತ್ರೆಯ ಎಂಬಿಬಿಎಸ್ ಡಾಕ್ಟರು

ಅಂಕ ಎಂದರೆ ಕಾಯಿಲೆ ಅಲ್ಲ, ಅದೊಂದು ಸೂಚನೆ ಅಷ್ಟೇ. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತ ಕಡಿಮೆ ಇದ್ದರೂ, ಸಕ್ಕರೆ ಏರಿದ್ದರೂ ದಣಿವು ಬರುತ್ತದೆ. ಮನೆಯಲ್ಲಿ ಸಾವಾಗಿ ಹತ್ತು ದಿನ ಆದವರಿಗೂ ಅಂಕ ಏರುತ್ತದೆ. ಇವನ್ನೆಲ್ಲ ಬೇರೆ ಮಾಡಿ ನೋಡುವುದು ವೈದ್ಯರ ಕೆಲಸ.

ಉದಾಹರಣೆಗೆ, 46 ವರ್ಷದ ಒಬ್ಬ ಕಿರಾಣಿ ಅಂಗಡಿಯವರು ಎಂದು ಇಟ್ಟುಕೊಳ್ಳೋಣ. ಎರಡು ತಿಂಗಳಿಂದ ನಸುಕಿನ ಮೂರಕ್ಕೇ ಎಚ್ಚರ. ಉದ್ರಿ ಪುಸ್ತಕ ತೆಗೆದರೆ ಲೆಕ್ಕ ತಲೆಗೆ ಹೋಗುವುದಿಲ್ಲ. ಅಂಗಡಿ ತೆರೆಯುವುದು ಹತ್ತಕ್ಕೆ ಬಂದಿದೆ. ಅವರ ಅಂಕ ಹೀಗೆ: ಆಸಕ್ತಿ 2, ಬೇಸರ 2, ನಿದ್ದೆ 3, ದಣಿವು 3, ಹಸಿವು 1, ತನ್ನ ಮೇಲೆ ತನಗೇ ಬೇಸರ 1, ಗಮನ 2, ನಿಧಾನ 0, ಸಾಯುವ ಯೋಚನೆ 0. ಒಟ್ಟು 14, ಅಂದರೆ ಮಧ್ಯಮ. ರಕ್ತ, ಸಕ್ಕರೆ, ಥೈರಾಯ್ಡ್ ಸರಿ ಇವೆ.

10ರಿಂದ 14ರ ನಡುವೆ ಮಾತಿನ ಚಿಕಿತ್ಸೆ ಅಥವಾ ಗುಳಿಗೆ, ಎರಡರಲ್ಲಿ ಒಂದರಿಂದ ಶುರು ಮಾಡಬಹುದು. 15 ದಾಟಿದರೆ ಎರಡೂ ಸೇರಿರುವುದು ಒಳ್ಳೆಯದು. ಈ ಅಂಗಡಿಯವರಿಗೆ ವೈದ್ಯರು ಎಸಿಟಾಲೊಪ್ರಾಮ್ ಎಂಬ ಗುಳಿಗೆ ಕೊಡುತ್ತಾರೆ ಅನ್ನಿ. ಇಲ್ಲಿ ಎಲ್ಲರೂ ಎಡವುವ ಜಾಗ ಬರುತ್ತದೆ. ಈ ಗುಳಿಗೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರವೇ ಬರುತ್ತವೆ. "ಗುಳಿಗಿ ನನಗ ಆಗಿಬರಂಗಿಲ್ಲ" ಎಂದು ಎಂಟನೇ ದಿನ ಬಿಟ್ಟುಬಿಡುತ್ತಾರೆ. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಆಲ್‌ಪ್ರಜೋಲಾಮ್ ಕೇಳುತ್ತಾರೆ. ಅದು ಅದೇ ರಾತ್ರಿ ನಿದ್ದೆ ಬರಿಸುತ್ತದೆ, ಖಿನ್ನತೆಯನ್ನು ಮಾತ್ರ ವಾಸಿ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ಚಟವೂ ಆಗಬಹುದು. ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಕಾನೂನು ಇರುವುದು ಇದಕ್ಕೇ.

ನಾಲ್ಕನೇ ವಾರ ಮತ್ತೆ ಅಳೆಯಬೇಕು. 5 ಅಂಕ ಅಥವಾ ಹೆಚ್ಚು ಇಳಿದಿದ್ದರೆ ದಾರಿ ಸರಿ ಇದೆ. ಅಂಗಡಿಯವರದು 14ರಿಂದ 11ಕ್ಕೆ ಬಂದಿದೆ, ಮೂರೇ ಇಳಿದಿದೆ. ಗುಳಿಗೆ ದಿನಾಲೂ ತಗೊಂಡಿದ್ದಾರೋ ಎಂದು ವೈದ್ಯರು ವಿಚಾರಿಸುತ್ತಾರೆ, ಪ್ರಮಾಣ ಏರಿಸುತ್ತಾರೆ, ಮಾತಿನ ಚಿಕಿತ್ಸೆ ಸೇರಿಸುತ್ತಾರೆ. ಎಂಟನೇ ವಾರ ಅಂಕ 6. ಮೊದಲಿನ ಅರ್ಧಕ್ಕಿಂತ ಕೆಳಗೆ ಬಂತು, ಹಾಗಾಗಿ ಇಲ್ಲೇ ಮುಂದುವರಿಯಬಹುದು. 5ಕ್ಕಿಂತ ಕೆಳಗೆ ಇಳಿದ ಮೇಲೂ ಸುಮಾರು 6ರಿಂದ 9 ತಿಂಗಳು ಗುಳಿಗೆ ನಡೆಯಬೇಕು. ಬಿಡುವಾಗ ವೈದ್ಯರನ್ನು ಕೇಳಿ ನಿಧಾನವಾಗಿ ಬಿಡಬೇಕು. ಎಂಟು ವಾರದಲ್ಲಿ ಅಂಕ ಅರ್ಧಕ್ಕೆ ಇಳಿಯದಿದ್ದರೆ ನಾಲ್ಕನೇ ಮೆಟ್ಟಿಲು ಹತ್ತಬೇಕು.

ನಾಲ್ಕನೇ ಮೆಟ್ಟಿಲು: ಮಂಗಳವಾರದ ಮನೋವೈದ್ಯರು, ಆಮೇಲೆ ಡಿಮ್ಹಾನ್ಸ್

ಮನೋಚೈತನ್ಯ ಯೋಜನೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುತ್ತದೆ. ಜಿಲ್ಲಾ ತಂಡ ಹಳ್ಳಿಯ ಆಸ್ಪತ್ರೆಗೆ ಬೆನ್ನೆಲುಬಾಗಿ ನಿಲ್ಲುವ ಈ ಪದ್ಧತಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಿಂದ ಅದೇ ಮಾದರಿ ದೇಶದ ಕಾರ್ಯಕ್ರಮವಾಯಿತು. ಅಣ್ಣಿಗೇರಿಯವರು ತಮ್ಮ ಪಾಳಿ ಯಾವ ಮಂಗಳವಾರ, ಯಾವ ಆಸ್ಪತ್ರೆಯಲ್ಲಿ ಎಂದು ಆಶಾ ಅಥವಾ ಸಿಎಚ್‌ಒ ಹತ್ತಿರ ಕೇಳಿಕೊಂಡು ಹೋಗಬೇಕು. ಒಳರೋಗಿಯಾಗಿ ಸೇರಿಸಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ.

ಮೊದಲ ಅಳತೆಯಲ್ಲೇ 20 ದಾಟಿದವರನ್ನು ಎಂಟು ವಾರ ಕಾಯಿಸದೆ ಮನೋವೈದ್ಯರಿಗೆ ತೋರಿಸುವುದು ಲೇಸು.

ಮೆಟ್ಟಿಲು ಬಿಟ್ಟು ನೇರ ಮೇಲೆ ಹೋಗಬೇಕಾದವರು

ಒಂಬತ್ತನೇ ಪ್ರಶ್ನೆಗೆ, ಅಂದರೆ ಸಾಯುವ ಯೋಚನೆಗೆ, 1 ಬಿದ್ದರೂ ಒಟ್ಟು ಮೊತ್ತ ನೋಡುವಂತಿಲ್ಲ. ಮೊತ್ತ 6 ಇದ್ದರೂ ಅದೇ ದಿನ ವೈದ್ಯರು ಕೂಡಿಸಿಕೊಂಡು ಕೇಳಬೇಕು. ಹೇಗೆ, ಯಾವಾಗ ಎಂದು ಯೋಚಿಸಿದ್ದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆ ಮನೆಯಲ್ಲೇ ಇರುತ್ತದೆ. ಅದನ್ನು ಆ ದಿನವೇ ಬೇರೆಯವರ ಮನೆಗೆ ಸಾಗಿಸಬೇಕು. ಪೊಲೀಸ್ ಕೇಸ್ ಆಗುತ್ತದೆಂಬ ಅಂಜಿಕೆಗೆ ಆಸ್ಪತ್ರೆ ತಪ್ಪಿಸುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಕೊಡುವಂತಿಲ್ಲ.

ಯಾರಿಗೂ ಕೇಳದ ಧ್ವನಿ ಕೇಳುವವರು, ಊಟ-ನೀರು ಬಿಟ್ಟವರು, ಬಾಣಂತನದಲ್ಲಿ ಮನಸ್ಸು ಕೆಟ್ಟವರೂ ಕಾಯಬಾರದು. ಮೊದಲೊಮ್ಮೆ ವಾರಗಟ್ಟಲೆ ನಿದ್ದೆ ಇಲ್ಲದೆ ವಿಪರೀತ ಹುರುಪು, ಮಾತು, ಖರ್ಚು ಮಾಡಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅಂಥವರಿಗೆ ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ ಕಾಯಿಲೆ ತಿರುಗಿ ಬೀಳಬಹುದು.

ಇದು ನಡೆಯುತ್ತದೆಯೇ?

ನೆರೆಯ ಗೋವಾದಲ್ಲಿ ನಡೆದ ಮಾನಸ್ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮನೋವಿಜ್ಞಾನ ಓದಿರದ ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಟ್ಟು, 24 ಚಿಕಿತ್ಸಾ ಕೇಂದ್ರಗಳ ಪೈಕಿ ಅರ್ಧದಲ್ಲಿ ಇಂಥದೇ ಮೆಟ್ಟಿಲು ನಡೆಸಿದರು. ಸರಕಾರಿ ಕೇಂದ್ರಗಳಲ್ಲಿ ಆರು ತಿಂಗಳಿಗೆ ನೂರಕ್ಕೆ ಸುಮಾರು 66 ಮಂದಿ ಗುಣವಾದರು, ಈ ವ್ಯವಸ್ಥೆ ಇಲ್ಲದ ಕಡೆ ಸುಮಾರು 43. ಖಾಸಗಿ ದವಾಖಾನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಗೋವಾದಲ್ಲಿ ರೋಗಿಯ ಬೆನ್ನು ಹತ್ತಿ ಮತ್ತೆ ಕರೆಸಲು ಆ ಕೆಲಸಕ್ಕೇ ಒಬ್ಬ ಆಪ್ತ ಸಲಹೆಗಾರ್ತಿ ಇದ್ದಳು. ನಮ್ಮಲ್ಲಿ ಆ ಕೆಲಸ ಬಿಪಿ, ಸಕ್ಕರೆ, ಲಸಿಕೆಗಳ ನಡುವೆ ಸಿಎಚ್‌ಒ ಮೇಲೆಯೇ ಬೀಳುತ್ತದೆ. ಮೊದಲ ಅಳತೆ ಆಗಿ ಎರಡನೆಯದು ಆಗದೇ ಹೋದರೆ ಇಡೀ ಪದ್ಧತಿ ಅಲ್ಲೇ ನಿಲ್ಲುತ್ತದೆ. ಏಕೆಂದರೆ ಮೇಲೆ ಕಳಿಸುವ ತೀರ್ಮಾನ ನಿಂತಿರುವುದು ಎರಡು ಅಳತೆಗಳ ವ್ಯತ್ಯಾಸದ ಮೇಲೆ.

ಆದ್ದರಿಂದ ಮನೆಯವರು ತಮ್ಮ ಅಂಕ, ತಾರೀಖು, ಗುಳಿಗೆ ಹೆಸರು ಮೂರನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡು, ನಾಲ್ಕನೇ ವಾರ ತಾವೇ ಕೇಂದ್ರಕ್ಕೆ ಹೋಗಿ "ಮತ್ತ ಆ ಪ್ರಶ್ನೆ ಕೇಳ್ರಿ" ಅನ್ನಬಹುದು. ನಡುವೆ ಮಾತಾಡಬೇಕು ಅನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.