ನೆಟ್ ಇದ್ದಷ್ಟೇ ಬಿಟ್‌ರೇಟ್ ಚಾಚು

ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ವರ್ಷಕ್ಕೊಂದು ತಾಳಮದ್ದಳೆ ನಡೆಯುತ್ತದೆ. ಕಳೆದ ಸಲ ಬೆಂಗಳೂರು, ದುಬೈಗಳಲ್ಲಿರುವ ಹುಡುಗರು "ಲೈವ್ ಕೊಡಿ ಮಾರಾಯ್ರೆ, ನಾವೂ ಕೇಳ್ತೇವೆ" ಎಂದು ಹಟ ಹಿಡಿದರು. ಕಮಿಟಿಯವರೆಲ್ಲ ನನ್ನ ಮುಖ ನೋಡಿದರು. ಕಂಪ್ಯೂಟರ್ ಗೊತ್ತಿರುವವ ಎಂದು ಊರಲ್ಲಿ ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಕೆಟ್ಟ ಮಿಕ್ಸಿ ಕೂಡ ನಮ್ಮ ಮನೆಗೇ ಬರುತ್ತದೆ.

ಕಾರ್ಯಕ್ರಮಕ್ಕೆ ಮೂರು ದಿನ ಮೊದಲೇ ಕೂತದ್ದು ಒಳ್ಳೆಯದಾಯಿತು. ಹೊಸ ಚಾನೆಲ್‌ನಿಂದ ಲೈವ್ ಮಾಡಲು ಯೂಟ್ಯೂಬ್ ಮೊದಲು ಫೋನ್ ನಂಬರ್ ಖಚಿತಪಡಿಸಿಕೊಳ್ಳುತ್ತದೆ. ಆಮೇಲೂ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು. ಚೌಕಿಯಲ್ಲಿ ದೇವರಿಗೆ ದೀಪ ಹಚ್ಚಿದ ಮೇಲೆ ಗುಂಡಿ ಒತ್ತಿದರೆ ಆಗುವ ಕೆಲಸವಲ್ಲ. ಫೋನಿನ ಆ್ಯಪ್‌ನಿಂದಲೇ ಲೈವ್ ಮಾಡೋಣವೆಂದರೆ ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಬೇಕು. ನಮಗೆ ಇದ್ದವರು ಹನ್ನೊಂದು ಜನ. ಕಂಪ್ಯೂಟರ್‌ನಿಂದ ಕಳಿಸುವುದಾದರೆ ಆ ಷರತ್ತಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ಗೆ ಒಬಿಎಸ್ ಸ್ಟುಡಿಯೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಕ್ಯಾಮೆರಾದ ಚಿತ್ರವನ್ನೂ ಮೈಕಿನವರ ಮಿಕ್ಸರಿನಿಂದ ಎಳೆದ ವಯರಿನ ಧ್ವನಿಯನ್ನೂ ಒಟ್ಟು ಮಾಡಿ, ಕುಗ್ಗಿಸಿ, ಯೂಟ್ಯೂಬ್‌ಗೆ ತಲುಪಿಸುವುದು ಅದರ ಕೆಲಸ.

ಆದರೆ ಯಾರ ಚಾನೆಲ್‌ಗೆ ತಲುಪಿಸಬೇಕೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಅದಕ್ಕೇ ಸ್ಟ್ರೀಮ್ ಕೀ. ಯೂಟ್ಯೂಬ್ ಸ್ಟುಡಿಯೋದಲ್ಲಿ `Create`, ಅದರೊಳಗೆ `Go live` ಒತ್ತಿದರೆ ತೆರೆಯುವ ಪುಟದಲ್ಲಿ ಅದು ಚುಕ್ಕಿಗಳ ಹಿಂದೆ ಅಡಗಿ ಕೂತಿರುತ್ತದೆ. ನಕಲು ಮಾಡಿಕೊಂಡು ಒಬಿಎಸ್‌ನ `Settings` ಒಳಗಿನ `Stream` ಪುಟದಲ್ಲಿ `Stream Key` ಎಂಬ ಜಾಗಕ್ಕೆ ಅಂಟಿಸಬೇಕು. ನೋಡಲು ಅರ್ಥವಿಲ್ಲದ ಅಕ್ಷರಗಳ ಸಾಲು. ಆದರೆ ಅದು ಕೈಯಲ್ಲಿದ್ದವರು ಯಾರೇ ಆಗಲಿ, ಎಲ್ಲಿಂದಲೇ ಆಗಲಿ, ನಮ್ಮ ಚಾನೆಲ್‌ನಲ್ಲಿ ತಮ್ಮ ವಿಡಿಯೋ ಬಿಡಬಹುದು. ನಿಮ್ಮ ಪಾಸ್‌ವರ್ಡ್ ಏನೆಂದು ಯಾರೂ ಕೇಳುವುದಿಲ್ಲ, ಕೀ ಸಾಕು.

ಇದನ್ನು ನಾನು ಹೇಳುವಷ್ಟರಲ್ಲಿ ನಮ್ಮ ಕಾರ್ಯದರ್ಶಿಗಳು ಲ್ಯಾಪ್‌ಟಾಪ್ ಪರದೆಯ ಫೋಟೋ ಹೊಡೆದು "ಲೈವ್ ಲಿಂಕ್, ಎಲ್ಲರೂ ನೋಡಿ" ಎಂದು ಇನ್ನೂರು ಜನರ ವಾಟ್ಸ್ಯಾಪ್ ಗುಂಪಿಗೆ ಹಾಕಿಯಾಗಿತ್ತು. ನೋಡುವವರಿಗೆ ಕೊಡಬೇಕಾದದ್ದು ಲಿಂಕ್, ಕೊಡಬಾರದ್ದು ಕೀ. ಎರಡೂ ಒಂದೇ ಪುಟದಲ್ಲಿ ಇರುವುದರಿಂದ ಈ ಎಡವಟ್ಟು ಸುಲಭ. ಪುಣ್ಯಕ್ಕೆ ಪಕ್ಕದಲ್ಲೇ `Reset` ಇದೆ. ಒತ್ತಿದರೆ ಹಳೆಯ ಕೀ ಸತ್ತು ಹೊಸದು ಹುಟ್ಟುತ್ತದೆ. ಅದನ್ನು ಒಬಿಎಸ್‌ನಲ್ಲಿ ಮತ್ತೆ ಅಂಟಿಸುವುದನ್ನು ಮಾತ್ರ ಮರೆಯಬಾರದು.

ಇನ್ನು ಬಿಟ್‌ರೇಟ್. ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಡೇಟಾ ಖರ್ಚು ಮಾಡಬೇಕೆಂದು ನಾವು ಒಬಿಎಸ್‌ಗೆ ಹಾಕಿಕೊಡುವ ಮಿತಿ ಅದು. ಹೆಚ್ಚು ಕೊಟ್ಟರೆ ಚಿತ್ರ ಸ್ಪಷ್ಟ, ಕಡಿಮೆ ಕೊಟ್ಟರೆ ಮುಖವೆಲ್ಲ ಚೌಕ ಚೌಕ. ಎಷ್ಟು ಬೇಕೆಂಬುದು ತೋರಿಸುವ ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ವಿಡಿಯೋ ಕುಗ್ಗಿಸುವ ವಿಧಾನವೇ ಹಾಗೆ: ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಯಿತೋ ಹೆಚ್ಚಾಗಿ ಅಷ್ಟನ್ನೇ ಕಳಿಸುತ್ತದೆ. ಬಯಲಾಟದಲ್ಲಿ ಕಿರೀಟ, ಗೆಜ್ಜೆ, ಗಿರಕಿ ಎಲ್ಲ ಸೇರಿ ಇಡೀ ಪರದೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ; ಅದಕ್ಕೆ ಬಿಟ್‌ರೇಟ್ ಸುರಿಯಬೇಕು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುರ್ಚಿ ಬಿಟ್ಟು ಏಳುವುದಿಲ್ಲ. ಕರ್ಣ ಎಷ್ಟೇ ಸಿಟ್ಟಾದರೂ ಆಡುವುದು ಬಾಯಿ ಮತ್ತು ಕೈ. ಮೊದಲ ಲೈವ್‌ಗೆ ಇದಕ್ಕಿಂತ ಉಪಕಾರಿ ಕಲೆ ಇನ್ನೊಂದಿಲ್ಲ.

ಆದ್ದರಿಂದ ನಾನು `Video` ಪುಟದಲ್ಲಿ ಚಿತ್ರದ ಗಾತ್ರವನ್ನು 1280x720ಕ್ಕೆ, ಸೆಕೆಂಡಿಗೆ 30 ಚೌಕಟ್ಟಿಗೆ ಇಳಿಸಿದೆ. `Output` ಪುಟದಲ್ಲಿ ವಿಡಿಯೋಗೆ 2500, ಧ್ವನಿಗೆ 128 ಎಂದು ಬರೆದೆ. ಎರಡೂ ಕಿಲೋಬಿಟ್ ಲೆಕ್ಕ. ಒಟ್ಟು 2628, ಅಂದರೆ ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್.

ಇದು ಹೋಗಬೇಕಾದದ್ದು ಅಪ್‌ಲೋಡ್ ದಾರಿಯಲ್ಲಿ. ಅರ್ಚಕರ ಮನೆಯಲ್ಲಿ 40 ಎಂಬಿಪಿಎಸ್‌ನ ಫೈಬರ್ ಇದೆ ಎಂದು ಎಲ್ಲರೂ ನಿಶ್ಚಿಂತೆಯಲ್ಲಿದ್ದರು. ಅದು ಸಿನಿಮಾ ಇಳಿಸಿಕೊಳ್ಳುವಾಗಿನ ವೇಗ. ಮಧ್ಯಾಹ್ನ ಸ್ಪೀಡ್ ಟೆಸ್ಟ್ ಮಾಡಿದರೆ ಅಪ್‌ಲೋಡ್ 18 ತೋರಿಸಿತು. ಆಟ ಇರುವುದು ರಾತ್ರಿ ಎಂಟಕ್ಕಾದ್ದರಿಂದ ಮುಂಚಿನ ದಿನ ಅದೇ ಹೊತ್ತಿಗೆ ಹೋಗಿ ಮತ್ತೆ ಅಳೆದೆ: 5.5. ಊರಿನವರೆಲ್ಲ ಊಟ ಮುಗಿಸಿ ಫೋನ್ ಹಿಡಿಯುವ ಹೊತ್ತು ಅದು. ನಂಬಬೇಕಾದದ್ದು ಈ ಎರಡನೆಯ ಅಂಕಿಯನ್ನು. ಅಳೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದೆಂಬುದು ನಾನು ಪಾಲಿಸುವ ಲೆಕ್ಕ, ಏಕೆಂದರೆ ವೇಗ ಗಂಟೆಗಟ್ಟಲೆ ಒಂದೇ ಸಮ ಇರುವುದಿಲ್ಲ. 5.5ರಲ್ಲಿ ಅರ್ಧ 2.75. ನಮ್ಮ 2.6 ಅದರೊಳಗೆ ಹಿಡಿಯಿತು. ವೈಫೈ ನಂಬದೆ ಅರ್ಚಕರ ಮನೆಯಿಂದ ಸಭಾಭವನಕ್ಕೆ ಲ್ಯಾನ್ ಕೇಬಲ್ಲನ್ನೇ ಎಳೆದೆವು.

"ಸಾವಿರ ಜನ ನೋಡಿದರೆ ನೆಟ್ ಸಾಕಾದೀತಾ?" ಎಂದು ಖಜಾಂಚಿಗಳಿಗೆ ಆತಂಕ. ನಾವು ಕಳಿಸುವುದು ಯೂಟ್ಯೂಬ್‌ಗೆ ಒಂದೇ ಪ್ರತಿ. ಸಾವಿರ ಜನರಿಗೆ ಹಂಚುವುದು ಅವರ ತಲೆನೋವು. ಫೋನಿನ ಹಾಟ್‌ಸ್ಪಾಟ್ ಬಳಸುವವರು ಹೆದರಬೇಕಾದದ್ದು ಬೇರೆಯದಕ್ಕೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. 2628ನ್ನು ಎಂಟರಿಂದ ಭಾಗಿಸಿ ಒಂದು ಗಂಟೆಯ 3600 ಸೆಕೆಂಡಿನಿಂದ ಗುಣಿಸಿದರೆ ಸುಮಾರು 1.2 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದರೆ ಪೀಠಿಕೆ ಮುಗಿದು ಸಂವಾದ ಕಾವೇರುವ ಹೊತ್ತಿಗೆ ಡೇಟಾ ಖಾಲಿ.

ಇಷ್ಟೆಲ್ಲ ಲೆಕ್ಕ ಹಾಕಿಯೂ ಒಂಬತ್ತೂವರೆಗೆ ಕೈಕೊಟ್ಟಿತು. ಒಬಿಎಸ್‌ನ ಕೆಳಮೂಲೆಯಲ್ಲಿ ಹಸಿರಾಗಿದ್ದ ಗುರುತು ಹಳದಿಯಾಗಿ ಕೆಂಪಾಯಿತು. ದುಬೈಯಿಂದ ಸಂದೇಶ: "ಭಾಗವತರು ನಿಂತು ನಿಂತು ಹಾಡ್ತಿದ್ದಾರೆ." ಇಂಥ ಹೊತ್ತಿಗೆ `Stats` ಕಿಟಕಿ ತೆರೆಯಬೇಕು. `Dropped Frames (Network)` ಎದುರಿನ ಅಂಕಿ ಏರುತ್ತಿದ್ದರೆ ದೋಷ ನೆಟ್ಟಿನದು. `encoding lag` ಎಂಬ ಸಾಲಿನದು ಏರುತ್ತಿದ್ದರೆ ಲ್ಯಾಪ್‌ಟಾಪಿಗೇ ಶಕ್ತಿ ಸಾಲುತ್ತಿಲ್ಲ. ಆಗ ನೆಟ್ ಕಂಪನಿಯವರನ್ನು ಬೈದು ಫಲವಿಲ್ಲ. ನಮ್ಮದು ಮೊದಲನೆಯದು. ವಿಚಾರಿಸಿದರೆ, ಅರ್ಚಕರ ಮಗನಿಂದ ವೈಫೈ ಪಾಸ್‌ವರ್ಡ್ ಪಡೆದ ನಾಲ್ಕಾರು ಫೋನ್‌ಗಳು ಅದೇ ಸಂಪರ್ಕದಲ್ಲಿದ್ದವು. ಅವು ಹಗಲಿನ ಅನ್ನಸಂತರ್ಪಣೆಯ ವಿಡಿಯೋಗಳನ್ನು ತಮ್ಮಷ್ಟಕ್ಕೆ ಬ್ಯಾಕಪ್‌ಗೆ ಏರಿಸುತ್ತಿದ್ದವು. ಲೈವ್ ನೋಡುವವರು ತಿನ್ನುವುದು ಡೌನ್‌ಲೋಡ್, ಬ್ಯಾಕಪ್ ತಿನ್ನುವುದು ನಮ್ಮ ಅಪ್‌ಲೋಡನ್ನೇ. ವೈಫೈ ಪಾಸ್‌ವರ್ಡ್ ಬದಲಿಸಿದೆವು. ಒಬಿಎಸ್‌ನಲ್ಲಿ ಸ್ಟ್ರೀಮ್ ನಿಲ್ಲಿಸಿ, ಬಿಟ್‌ರೇಟನ್ನು 1500ಕ್ಕಿಳಿಸಿ ಮತ್ತೆ ಶುರು ಮಾಡಿದೆ. ಎರಡು ನಿಮಿಷದಲ್ಲಿ ಗುರುತು ಹಸಿರಾಯಿತು. ಚಿತ್ರ ತುಸು ಮಂಕಾದದ್ದನ್ನು ಒಬ್ಬರೂ ಹೇಳಲಿಲ್ಲ; ಅರ್ಥ ಕೇಳುವವರಿಗೆ ಮಾತು ತುಂಡಾಗದಿದ್ದರೆ ಸಾಕು.

ಹೀಗೆ ನಡುವೆ ನಿಲ್ಲಿಸಿಯೂ ಅದೇ ಲಿಂಕ್ ಉಳಿದದ್ದಕ್ಕೆ ಕಾರಣ, ಯೂಟ್ಯೂಬ್‌ನಲ್ಲಿ `Enable Auto-stop` ಆಯ್ಕೆಯನ್ನು ಮೊದಲೇ ಆಫ್ ಮಾಡಿದ್ದು. ಅದು ಆನ್ ಇದ್ದಿದ್ದರೆ ನಮ್ಮ ಕಡೆಯಿಂದ ವಿಡಿಯೋ ನಿಂತಾಗಲೇ ಪ್ರಸಾರ ಮುಗಿಯಿತೆಂದು ಬಾಗಿಲು ಹಾಕಿಬಿಡಬಹುದಿತ್ತು. ಆಫ್ ಮಾಡಿದರೆ ಕೊನೆಯಲ್ಲಿ `End stream` ಅನ್ನು ನಾವೇ ಒತ್ತಬೇಕು. ಮಂಗಳ ಹಾಡಿದ ಮೇಲೆ ನಾನು ಒಬಿಎಸ್ ಮುಚ್ಚಿ, ಕೇಬಲ್ ಸುತ್ತಿಟ್ಟು ಊಟಕ್ಕೆ ಕೂತೆ. ಅರ್ಧ ಗಂಟೆಯ ಮೇಲೆ ದುಬೈಯಿಂದ ಮತ್ತೆ ಸಂದೇಶ: "ಇನ್ನೊಂದು ಪ್ರಸಂಗ ಉಂಟಾ? ಕಾಯ್ತಾ ಇದ್ದೇವೆ."